ಬಣ್ಣ ಅಳಿದರೂ ಅರ್ಥ ಉಳಿಯಬೇಕಾದರೆ

ಮುಂಗಾರಿನ ದಿನಗಳಲ್ಲಿ ಭಾರತೀಯ ಹವಾಮಾನ ಇಲಾಖೆ ಹೊರಡಿಸುವ ಮುನ್ನೆಚ್ಚರಿಕೆಗಳಿಗೆ ನಾಲ್ಕು ಬಣ್ಣಗಳ ಸಂಕೇತವಿದೆ. ಹಸಿರೆಂದರೆ ಎಚ್ಚರಿಕೆಯೇನೂ ಇಲ್ಲ, ಹಳದಿಯೆಂದರೆ ಪರಿಸ್ಥಿತಿಯ ಮೇಲೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದು ಅರ್ಥ. ‘ಯೆಲ್ಲೋ ಅಲರ್ಟ್’, ‘ರೆಡ್ ಅಲರ್ಟ್’ ಎಂಬ ಮಾತುಗಳು ಕರಾವಳಿ ಮತ್ತು ಮಲೆನಾಡಿನ ಮನೆಮನೆಯಲ್ಲಿ ಬಳಕೆಗೆ ಬಂದಿರುವುದರಿಂದ, ಜಿಲ್ಲೆಗಳಿಗೆ ಈ ಬಣ್ಣಗಳನ್ನು ತುಂಬಿದ ನಕ್ಷೆಯೊಂದನ್ನು ಓದಲು ವಿವರಣೆಯ ಅಗತ್ಯವೇ ಇಲ್ಲವೆಂದು ತೋರುತ್ತದೆ. ಆದರೆ ಅಂಥ ನಕ್ಷೆಯನ್ನು ಕಚೇರಿಯ ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಮುದ್ರಿಸಿ, ಜೆರಾಕ್ಸ್ ಮಾಡಿ ಸೂಚನಾ ಫಲಕಕ್ಕೆ ಅಂಟಿಸಿದಾಗ ಏನು ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಕಂಪ್ಯೂಟರಿನಲ್ಲಿ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣವಾಗಿದ್ದು, ಪ್ರತಿ ಬೆಳಕಿನ ಪ್ರಮಾಣವನ್ನು 0 ರಿಂದ 255 ರ ವರೆಗಿನ ಅಂಕಿಯಿಂದ ಸೂಚಿಸಲಾಗುತ್ತದೆ. ಮನುಷ್ಯನ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಕಾಶಮಾನವಾಗಿಯೂ ಕೆಂಪು ಅದಕ್ಕಿಂತ ಮಂದವಾಗಿಯೂ ನೀಲಿ ತೀರ ಮಂದವಾಗಿಯೂ ಕಾಣುವುದರಿಂದ, ಬಣ್ಣವನ್ನು ಬೂದುಬಣ್ಣಕ್ಕೆ ಇಳಿಸುವಾಗ ಈ ಮೂರನ್ನೂ ಸಮನಾಗಿ ಎಣಿಸುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ:

```
ಬೂದು = 0.299 × ಕೆಂಪು + 0.587 × ಹಸಿರು + 0.114 × ನೀಲಿ
```

ಇಲ್ಲಿ 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಇಂಥ ನಕ್ಷೆಯನ್ನು ಅವಸರದಲ್ಲಿ ಬರೆಯುವವರ ಕೈಗೆ ಮೊದಲು ಸಿಗುವ ನಾಲ್ಕು ಬಣ್ಣಗಳನ್ನೇ ತೆಗೆದುಕೊಂಡರೆ, ಹಳದಿ `#FFFF00` ಬೂದುವಿನಲ್ಲಿ 226 ಆಗುತ್ತದೆ, ಕಿತ್ತಳೆ `#FFA500` 173 ಆಗುತ್ತದೆ, ಕೆಂಪು `#FF0000` 76 ಆಗುತ್ತದೆ, ಹಸಿರು `#008000` 75 ಆಗುತ್ತದೆ. ಕೊನೆಯ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಒಂದೇ ಒಂದು, ಅಂದರೆ ಯಾವ ಕಣ್ಣೂ ಗುರುತಿಸಲಾರದಷ್ಟು ಅಲ್ಪ. ಹೀಗೆ ನಾಲ್ಕು ಬಣ್ಣಗಳಲ್ಲಿ ಒಂದಾಗಿಹೋದ ಜೋಡಿ ಯಾವುದೆಂದರೆ ‘ಎಚ್ಚರಿಕೆಯೇನೂ ಇಲ್ಲ’ ಮತ್ತು ‘ಕೂಡಲೇ ಕ್ರಮ ಕೈಗೊಳ್ಳಿ’ ಎಂಬ ಎರಡು ತುದಿಗಳ ಜೋಡಿ. ಪಕ್ಕಪಕ್ಕದ ಎರಡು ಹಂತಗಳು ಕಲೆತುಹೋಗಿದ್ದರೆ ಓದುಗ ಒಂದು ಮೆಟ್ಟಿಲಿನಷ್ಟು ತಪ್ಪುತ್ತಿದ್ದ. ಇಲ್ಲಿ ಆತ ಇಡೀ ಏಣಿಯನ್ನೇ ತಪ್ಪುತ್ತಾನೆ.

ಕೆಂಪು-ಹಸಿರುಗಳ ಗೊಂದಲದ ಮೂಲ

ಬಣ್ಣದ ಪ್ರಿಂಟರ್ ಇದ್ದರೆ ತೊಂದರೆ ನೀಗುತ್ತದೆ ಎನ್ನುವಂತಿಲ್ಲ, ಏಕೆಂದರೆ ಇದೇ ಜೋಡಿ ವರ್ಣಾಂಧತೆಯುಳ್ಳವರನ್ನೂ ಕಾಡುತ್ತದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿದ್ದು, ಒಂದು ಬಗೆ ಉದ್ದ ತರಂಗಗಳಿಗೂ ಇನ್ನೊಂದು ಮಧ್ಯಮ ತರಂಗಗಳಿಗೂ ಮೂರನೆಯದು ಗಿಡ್ಡ ತರಂಗಗಳಿಗೂ ಹೆಚ್ಚಾಗಿ ಸ್ಪಂದಿಸುತ್ತವೆ. ಒಂದು ಕೋಶ ತಾನಾಗಿಯೇ ಕೆಂಪನ್ನೋ ಹಸಿರನ್ನೋ ಗುರುತಿಸುವುದಿಲ್ಲ. ಉದ್ದ ಮತ್ತು ಮಧ್ಯಮ ತರಂಗಗಳ ಕೋಶಗಳಿಂದ ಬಂದ ಸಂಕೇತಗಳನ್ನು ಹೋಲಿಸಿದಾಗಲೇ ಕೆಂಪು ಹಾಗೂ ಹಸಿರುಗಳ ಭೇದ ಮೂಡುತ್ತದೆ. ಈ ಎರಡರಲ್ಲಿ ಒಂದು ಇಲ್ಲದಿದ್ದರೆ ಅಥವಾ ಎರಡರ ಸ್ಪಂದನೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹೋಲಿಕೆಗೆ ಆಧಾರವೇ ತಪ್ಪಿಹೋಗುತ್ತದೆ. ಅಂಥ ಕಣ್ಣಿಗೆ ಕೆಂಪು, ಕಂದು, ಕಿತ್ತಳೆ, ಹಸಿರುಗಳೆಲ್ಲ ಹಳದಿಯ ಅಥವಾ ಮಾಸಲು ಕಂದಿನ ಬೇರೆ ಬೇರೆ ಗಾಢತೆಗಳಂತೆ ತೋರುತ್ತವೆ. ಆದರೆ ನೀಲಿ ಮತ್ತು ಹಳದಿಗಳ ಭೇದ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಈ ಎರಡು ಕೋಶಗಳ ವರ್ಣದ್ರವ್ಯಕ್ಕೆ ಕಾರಣವಾದ ಜೀನುಗಳು ಎಕ್ಸ್ ವರ್ಣತಂತುವಿನ ಮೇಲಿವೆ. ಗಂಡಸರಲ್ಲಿ ಈ ವರ್ಣತಂತು ಒಂದೇ ಇರುವುದರಿಂದ ದೋಷವನ್ನು ತುಂಬಿಕೊಡಲು ಮತ್ತೊಂದು ಪ್ರತಿ ಇರುವುದಿಲ್ಲ, ಆದಕಾರಣ ಈ ಬಗೆಯ ವರ್ಣಾಂಧತೆ ಹೆಂಗಸರಿಗಿಂತ ಗಂಡಸರಲ್ಲೇ ಬಹಳ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಇದರ ಪ್ರಮಾಣ ಸುಮಾರು ಶೇ 8 ಎನ್ನಲಾಗಿದ್ದು, ಭಾರತದಲ್ಲಿ ನಡೆದ ಅಧ್ಯಯನಗಳಲ್ಲಿ ಅದಕ್ಕಿಂತ ಕಡಿಮೆ ಕಂಡುಬಂದಿದೆ. ಕಡಿಮೆಯೆಂದರೂ, ಒಂದು ನಕ್ಷೆಯನ್ನು ಇಡೀ ಜಿಲ್ಲೆಯ ಜನ ನೋಡುವಾಗ ಅದನ್ನು ತಪ್ಪಾಗಿ ಓದಬಹುದಾದವರ ಸಂಖ್ಯೆ ಸಣ್ಣದಾಗಿರುವುದಿಲ್ಲ.

ಈ ವರ್ಣಾಂಧತೆಯಲ್ಲಿ ಎರಡು ಮುಖ್ಯ ಬಗೆಗಳಿದ್ದು, ಬಣ್ಣ ಆರಿಸುವವರು ಅವೆರಡನ್ನೂ ಬೇರೆಯಾಗಿಯೇ ನೆನಪಿನಲ್ಲಿಡಬೇಕಾಗುತ್ತದೆ. ಮಧ್ಯಮ ತರಂಗಗಳ ಕೋಶದ ದೋಷವನ್ನು ಡ್ಯೂಟನ್ ಬಗೆ ಎನ್ನುತ್ತಾರೆ. ಇದೇ ಹೆಚ್ಚು ಸಾಮಾನ್ಯ, ಮತ್ತು ಇದರಲ್ಲಿ ಬಣ್ಣಗಳ ಪ್ರಕಾಶ ಇತರರಿಗೆ ಕಾಣುವಂತೆಯೇ ಹೆಚ್ಚುಕಡಿಮೆ ಕಾಣುತ್ತದೆ. ಉದ್ದ ತರಂಗಗಳ ಕೋಶದ ದೋಷವನ್ನು ಪ್ರೋಟನ್ ಬಗೆ ಎನ್ನುತ್ತಾರೆ; ಇದರಲ್ಲಿ ಕೆಂಪಿನ ಛಾಯೆ ಮಾತ್ರವಲ್ಲದೆ ಕೆಂಪಿನ ಪ್ರಕಾಶವೂ ಕುಂದುವುದರಿಂದ, ಕಡು ಕೆಂಪು ಕಪ್ಪಿಗೆ ಹತ್ತಿರವಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ಎಚ್ಚರಿಕೆ ಇವರಿಗೆ ಕಾಣದೇ ಹೋಗುವುದು ಇದೇ ಕಾರಣದಿಂದ. ಹಾಗಾಗಿ ಬೂದುಬಣ್ಣದ ಪ್ರಿಂಟ್ ತೆಗೆದು ನೋಡಿದರೆ ವರ್ಣಾಂಧರಿಗೆ ಹೇಗೆ ಕಾಣುತ್ತದೆಂಬುದೂ ತಿಳಿಯುತ್ತದೆ ಎನ್ನುವ ನಂಬಿಕೆ ಸರಿಯಲ್ಲ. ಪ್ರಿಂಟಿನಲ್ಲಿ ಒಂದು ಬಗೆಯ ಬೂದುವಾಗುವ ಕೆಂಪು, ಪ್ರೋಟನ್ ಕಣ್ಣಿಗೆ ಅದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಇಶಿಹರ ಫಲಕದ ಪಾಠ

ಜಪಾನಿನ ನೇತ್ರವೈದ್ಯ ಶಿನೊಬು ಇಶಿಹರ 1917ರಲ್ಲಿ ಪ್ರಕಟಿಸಿದ ಪರೀಕ್ಷಾ ಫಲಕಗಳು ಇಂದಿಗೂ ಕಣ್ಣಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಚುಕ್ಕಿಗಳ ರಾಶಿಯ ನಡುವೆ ಬೇರೊಂದು ಬಣ್ಣದ ಚುಕ್ಕಿಗಳಿಂದ ಅಂಕಿಯೊಂದನ್ನು ಮೂಡಿಸಿರುವ ಈ ಫಲಕಗಳ ರಚನೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂಕಿಯ ಚುಕ್ಕಿಗಳೆಲ್ಲ ಗಾಢವಾಗಿಯೂ ಹಿನ್ನೆಲೆಯ ಚುಕ್ಕಿಗಳೆಲ್ಲ ತಿಳಿಯಾಗಿಯೂ ಇದ್ದಿದ್ದರೆ, ಬಣ್ಣ ಕಾಣದವರೂ ಗಾಢತೆಯ ವ್ಯತ್ಯಾಸದಿಂದಲೇ ಅಂಕಿಯನ್ನು ಓದಿಬಿಡುತ್ತಿದ್ದರು. ಆ ದಾರಿಯನ್ನು ಮುಚ್ಚುವುದಕ್ಕಾಗಿಯೇ ಇಶಿಹರ ಎರಡೂ ಗುಂಪುಗಳಲ್ಲಿ ತಿಳಿ ಹಾಗೂ ಗಾಢ ಚುಕ್ಕಿಗಳನ್ನು ಬೆರಸಿ, ಅಂಕಿಯನ್ನು ಕಾಣಿಸುವ ಕೆಲಸವನ್ನು ವರ್ಣವೊಂದಕ್ಕೇ ಬಿಟ್ಟರು.

ಹಸಿರು 75, ಕೆಂಪು 76 ಇರುವ ನಕ್ಷೆ ಬಹುಮಟ್ಟಿಗೆ ಇಂಥದೇ ಫಲಕ. ಓದುಗನನ್ನು ಪರೀಕ್ಷಿಸುವ ಉದ್ದೇಶವಿಲ್ಲದಿದ್ದರೂ ಅದು ಪರೀಕ್ಷಿಸುತ್ತದೆ. ಆದ್ದರಿಂದ ಬಣ್ಣ ಆರಿಸುವವರು ಇಶಿಹರ ಮುಚ್ಚಿದ ದಾರಿಯನ್ನು ತೆರೆಯಬೇಕು. ಅರ್ಥದ ಭೇದವನ್ನು ಮೊದಲು ತಿಳಿ-ಗಾಢಗಳ ಭೇದವಾಗಿ ರೂಪಿಸಿಕೊಂಡು, ಅದು ನಿಂತ ಮೇಲೆಯೇ ವರ್ಣವನ್ನು ಅದರ ಮೇಲೆ ಹಚ್ಚಬೇಕು. ತಿಳಿ-ಗಾಢತೆ ಎಂದರೆ ಬಣ್ಣವೊಂದು ಕಪ್ಪು ಮತ್ತು ಬಿಳಿಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂಬ ಅಳತೆ; ವರ್ಣವೆಂದರೆ ಅದು ಕೆಂಪೋ ಹಸಿರೋ ನೀಲಿಯೋ ಎಂಬ ಗುಣ. ಮೊದಲನೆಯದು ಜೆರಾಕ್ಸಿನಲ್ಲೂ ವರ್ಣಾಂಧರ ಕಣ್ಣಿನಲ್ಲೂ ಉಳಿದುಕೊಳ್ಳುತ್ತದೆ, ಎರಡನೆಯದು ಉಳಿಯುವ ಭರವಸೆಯಿಲ್ಲ.

ನಾಲ್ಕು ಬಣ್ಣಗಳನ್ನು ಮತ್ತೆ ಕಟ್ಟುವ ಬಗೆ

ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ಹೆಸರುಗಳು ದೇಶವ್ಯಾಪಿ ಸಂಕೇತವಾಗಿರುವುದರಿಂದ ಅವುಗಳನ್ನು ಬದಲಿಸುವ ಸ್ವಾತಂತ್ರ್ಯ ನಕ್ಷೆ ಬರೆಯುವವರಿಗಿಲ್ಲ. ಆದರೆ ಎಂಥ ಹಸಿರು, ಎಂಥ ಕೆಂಪು ಎಂಬುದನ್ನು ಆರಿಸುವ ಸ್ವಾತಂತ್ರ್ಯವಿದೆ, ಮತ್ತು ಪರಿಹಾರಕ್ಕೆ ಅಷ್ಟು ಸಾಕು. ಇಲ್ಲಿಯ ನಾಲ್ಕು ಹಂತಗಳು ಅಪಾಯದ ಏರಿಕೆಯ ಕ್ರಮದಲ್ಲಿರುವುದರಿಂದ, ಅಪಾಯ ಹೆಚ್ಚಿದಂತೆ ಬಣ್ಣವೂ ಗಾಢವಾಗುತ್ತ ಹೋಗಬೇಕೆಂಬ ನಿಯಮವನ್ನು ಮೊದಲು ಹಾಕಿಕೊಳ್ಳಬೇಕು.

ಅದರಂತೆ, ಎಚ್ಚರಿಕೆಯಿಲ್ಲದ ಜಿಲ್ಲೆಗಳಿಗೆ ಹಸಿರೆಂದು ಗೊತ್ತಾಗುವಷ್ಟೇ ತಿಳಿಯಾದ `#E8F5E9` ಅನ್ನು ಕೊಟ್ಟರೆ ಅದು ಬೂದುವಿನಲ್ಲಿ 240 ಆಗುತ್ತದೆ. ಅಚ್ಚ ಹಳದಿ ಬಿಳಿ ಕಾಗದದ ಮೇಲೆ ತೀರ ತಿಳಿಯಾಗುವುದರಿಂದ ಅದನ್ನು ಬಿಟ್ಟು, ಅರಿಸಿನಕ್ಕೆ ಹತ್ತಿರವಾದ `#F2C037` ಅನ್ನು ತೆಗೆದುಕೊಂಡರೆ ಅದರ ಬೂದು 191. ಕಿತ್ತಳೆಗೆ ತುಸು ಗಾಢವಾದ `#D9730D` ಅನ್ನು ಆರಿಸಿದರೆ 134 ದೊರೆಯುತ್ತದೆ. ಕೆಂಪಿಗೆ ಕಡುಗೆಂಪಾದ `#8B0000` ಅನ್ನು ಆರಿಸಿದರೆ ಅದು 42ಕ್ಕೆ ಇಳಿಯುತ್ತದೆ. 240, 191, 134, 42 ಎಂಬ ಈ ಇಳಿಕೆಯಲ್ಲಿ ಯಾವ ಎರಡು ಹಂತಗಳ ನಡುವೆಯೂ 49ಕ್ಕಿಂತ ಕಡಿಮೆ ಅಂತರವಿಲ್ಲ, ಮತ್ತು ಅತಿ ದೊಡ್ಡ ಅಂತರ ಇರಬೇಕಾದಲ್ಲಿಯೇ, ಅಂದರೆ ಕೆಂಪಿನ ಮುಂದೆಯೇ ಇದೆ.

ಈ ಆಯ್ಕೆಗೆ ಇನ್ನೊಂದು ಗುಣವೂ ಇದೆ. ಪ್ರೋಟನ್ ಕಣ್ಣಿಗೆ ಕೆಂಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆಂದು ಮೇಲೆ ಹೇಳಿದೆಯಷ್ಟೆ. ಕೆಂಪು ಏಣಿಯ ಗಾಢ ತುದಿಯಲ್ಲೇ ಇದ್ದರೆ ಆ ಕಪ್ಪಾಗುವಿಕೆ ಕ್ರಮವನ್ನು ಕೆಡಿಸುವ ಬದಲು ಗಟ್ಟಿಗೊಳಿಸುತ್ತದೆ. ಕೆಂಪನ್ನು ಏಣಿಯ ನಡುವಿನಲ್ಲಿಟ್ಟು ಅದಕ್ಕಿಂತ ಗಾಢವಾದ ನೀಲಿಯನ್ನೋ ನೇರಳೆಯನ್ನೋ ತುದಿಯಲ್ಲಿಟ್ಟಿದ್ದರೆ, ಅದೇ ಕಣ್ಣಿಗೆ ನಡುವಿನ ಹಂತ ತುದಿಯ ಹಂತಕ್ಕೆ ಸಮನಾಗಿ ಕಂಡು ಕ್ರಮವೇ ತಲೆಕೆಳಗಾಗುವ ಸಂಭವವಿತ್ತು.

ಅಂತರ ಎಷ್ಟಿರಬೇಕು ಎಂಬುದಕ್ಕೆ ಪ್ರಿಂಟರಿನ ಕೆಲಸದ ರೀತಿಯೇ ಉತ್ತರ ಕೊಡುತ್ತದೆ. ಕಚೇರಿಯ ಲೇಸರ್ ಪ್ರಿಂಟರಿನಲ್ಲಿರುವುದು ಕಪ್ಪು ಪುಡಿಯೊಂದೇ. ಬೂದುವನ್ನು ಅದು ಕಪ್ಪು ಚುಕ್ಕಿಗಳನ್ನು ವಿರಳವಾಗಿಯೋ ದಟ್ಟವಾಗಿಯೋ ಹರಡಿ ತೋರಿಸುತ್ತದೆ. ಆ ಪ್ರತಿಯನ್ನು ಜೆರಾಕ್ಸ್ ಮಾಡಿದಾಗ ವಿರಳವಾದ ಚುಕ್ಕಿಗಳು ಅಳಿಸಿಹೋಗುತ್ತವೆ, ದಟ್ಟವಾದವು ಒಂದಕ್ಕೊಂದು ಕೂಡಿ ಕರಿ ಮಚ್ಚೆಯಾಗುತ್ತವೆ. ಅಂದರೆ ತಿಳಿ ತುದಿ ಬಿಳಿಯ ಕಡೆಗೂ ಗಾಢ ತುದಿ ಕಪ್ಪಿನ ಕಡೆಗೂ ಕುಸಿಯುತ್ತವೆ. ಇದಲ್ಲದೆ ಬೂದುಬಣ್ಣಕ್ಕೆ ಇಳಿಸುವ ಲೆಕ್ಕ ಎಲ್ಲ ತಂತ್ರಾಂಶಗಳಲ್ಲೂ ಒಂದೇ ಆಗಿರುವುದಿಲ್ಲ. ಈ ಎರಡು ಅನಿಶ್ಚಿತತೆಗಳನ್ನು ತಾಳಿಕೊಳ್ಳಬೇಕಾದರೆ ಪಕ್ಕದ ಹಂತಗಳ ನಡುವೆ ಸುಮಾರು 40ರ ಅಂತರವನ್ನಾದರೂ ಕಾಯ್ದುಕೊಳ್ಳುವುದು ಒಳಿತು. ಕಾಗದದ ಬಿಳಿಯಲ್ಲಿ ಕಳೆದುಹೋಗದ 240ರಿಂದ ಕಪ್ಪಕ್ಷರದಿಂದ ಬೇರೆಯಾಗಿ ಕಾಣುವ 40ರ ವರೆಗೆ ಇರುವುದು 200ರಷ್ಟು ಜಾಗ. ಲೆಕ್ಕದ ಪ್ರಕಾರ ಅದರಲ್ಲಿ ಆರು ಹಂತಗಳು ಹಿಡಿದರೂ, ಜೆರಾಕ್ಸಿನ ಕುಸಿತವನ್ನು ಗಣಿಸಿದರೆ ನಾಲ್ಕು ಅಥವಾ ಐದಕ್ಕೆ ನಿಲ್ಲಿಸುವುದೇ ವಿವೇಕ.

ಇಷ್ಟಾದ ಮೇಲೂ ನಕ್ಷೆಯಲ್ಲಿ ಬಣ್ಣದ ಹೊರತಾದ ಗುರುತೊಂದು ಇರಬೇಕಾಗುತ್ತದೆ, ಏಕೆಂದರೆ ಓದುಗ ಜಿಲ್ಲೆಯ ಬಣ್ಣವನ್ನು ಮೂಲೆಯ ಬಣ್ಣಸೂಚಿಯೊಂದಿಗೆ ತಾಳೆ ನೋಡುವಾಗ ಎರಡರ ನಡುವಿನ ದೂರವೂ ಸುತ್ತಲಿನ ಬಣ್ಣಗಳೂ ಕಣ್ಣನ್ನು ತಪ್ಪಿಸುತ್ತವೆ. ಬಣ್ಣದ ಹೆಸರಿನ ಮೊದಲಕ್ಷರ ಬರೆಯೋಣವೆಂದರೆ ಹಸಿರು-ಹಳದಿಗಳೆರಡೂ ‘ಹ’ಕಾರದಿಂದಲೂ ಕಿತ್ತಳೆ-ಕೆಂಪುಗಳೆರಡೂ ‘ಕ’ಕಾರದಿಂದಲೂ ಆರಂಭವಾಗುತ್ತವೆ. ಹಾಗಾಗಿ ಪ್ರತಿ ಜಿಲ್ಲೆಯೊಳಗೆ 0, 1, 2, 3 ಎಂಬ ಹಂತದ ಅಂಕಿಯನ್ನು ಹಾಕುವುದು ಸುಲಭವೂ ನಿಸ್ಸಂದಿಗ್ಧವೂ ಆದ ಕ್ರಮ. ಕಡುಗೆಂಪಿನ ಮೇಲೆ ಆ ಅಂಕಿ ಬಿಳಿಯಲ್ಲಿಯೂ ಉಳಿದ ಮೂರರ ಮೇಲೆ ಕಪ್ಪಿನಲ್ಲಿಯೂ ಇರಬೇಕು. ಜಿಲ್ಲೆಗಳ ನಡುವೆ ತೆಳುವಾದ ಬಿಳಿ ಅಥವಾ ಕಪ್ಪು ಗೆರೆಯೊಂದನ್ನು ಎಳೆದರೆ, ಪಕ್ಕಪಕ್ಕದ ಬೂದುಗಳು ಒಂದಕ್ಕೊಂದು ಹರಿದುಹೋದಂತೆ ಕಾಣುವುದು ತಪ್ಪುತ್ತದೆ.

ಒಂದು ಪರೀಕ್ಷೆ ಗೆದ್ದರೆ ಸಾಲದು

ಎಲ್ಲ ಮಾಹಿತಿಯೂ ಹೀಗೆ ಏರಿಕೆಯ ಕ್ರಮದಲ್ಲಿರುವುದಿಲ್ಲ. ಭತ್ತ, ರಾಗಿ, ಜೋಳಗಳ ಇಳುವರಿಯನ್ನು ಒಂದೇ ರೇಖಾಚಿತ್ರದಲ್ಲಿ ಮೂರು ಗೆರೆಗಳಾಗಿ ತೋರಿಸುವಾಗ ಒಂದು ಮೇಲು, ಇನ್ನೊಂದು ಕೀಳು ಎಂಬ ಕ್ರಮವಿಲ್ಲ. ಅವು ಬೇರೆ ಬೇರೆ ಎಂದು ಗೊತ್ತಾದರೆ ಸಾಕು. ಇಂಥ ಉಪಯೋಗಕ್ಕಾಗಿಯೇ ಜಪಾನಿನ ವಿಜ್ಞಾನಿಗಳಾದ ಮಸಾಟಾಕಾ ಒಕಾಬೆ ಮತ್ತು ಕೇಯ್ ಇತೊ 2002ರಲ್ಲಿ ಎಂಟು ಬಣ್ಣಗಳ ಗುಂಪೊಂದನ್ನು ಸಿದ್ಧಪಡಿಸಿದರು. ಕೆಂಪು-ಹಸಿರುಗಳ ಭೇದ ಕಾಣದವರಿಗೂ ಇವು ಬೇರೆಯಾಗಿಯೇ ತೋರುವಂತೆ, ಕೆಂಪನ್ನು ಕಿತ್ತಳೆಯ ಕಡೆಗೂ ಹಸಿರನ್ನು ನೀಲಿಯ ಕಡೆಗೂ ಅವರು ಸರಿಸಿದ್ದಾರೆ. ವೈಜ್ಞಾನಿಕ ಲೇಖನಗಳಲ್ಲಿ ಈ ಗುಂಪು ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ.

ಆದರೆ ವರ್ಣಾಂಧರಿಗೆ ಸುರಕ್ಷಿತ ಎಂಬ ಹೆಸರನ್ನು ನಂಬಿ ಇದನ್ನು ಕಪ್ಪು-ಬಿಳುಪು ಮುದ್ರಣಕ್ಕೆ ಕಳಿಸಿದರೆ ಏನಾಗುತ್ತದೆಂಬುದನ್ನು ಮೇಲಿನ ಸೂತ್ರದಿಂದಲೇ ತಿಳಿಯಬಹುದು. ಈ ಗುಂಪಿನ ಕಿತ್ತಳೆ `#E69F00` ಬೂದುವಿನಲ್ಲಿ 162 ಆಗುತ್ತದೆ. ಆಕಾಶನೀಲಿ `#56B4E9` 158 ಆಗುತ್ತದೆ. ವರ್ಣಾಂಧರ ಕಣ್ಣಿಗೆ ಹಳದಿ ಮತ್ತು ನೀಲಿಗಳಷ್ಟು ದೂರವಿರುವ ಈ ಎರಡು ಬಣ್ಣಗಳು ಜೆರಾಕ್ಸಿನಲ್ಲಿ ಒಂದೇ ಆಗಿಬಿಡುತ್ತವೆ. ಇದನ್ನು ಆ ಗುಂಪಿನ ದೋಷವೆನ್ನಲಾಗದು, ಏಕೆಂದರೆ ಎಂಟು ಬಣ್ಣಗಳನ್ನು ಬೂದುವಿನ ಏಣಿಯ ಮೇಲೆ ಸಾಕಷ್ಟು ದೂರದೂರವಾಗಿ ನಿಲ್ಲಿಸುವಷ್ಟು ಜಾಗವೇ ಇಲ್ಲ. ಎರಡು ಪರೀಕ್ಷೆಗಳು ಬೇರೆ ಬೇರೆ, ಒಂದನ್ನು ಗೆದ್ದದ್ದು ಇನ್ನೊಂದಕ್ಕೆ ಸಾಕ್ಷಿಯಾಗದು ಎಂಬುದಷ್ಟೇ ಇದರಿಂದ ಸ್ಪಷ್ಟವಾಗುತ್ತದೆ.

ಮೂರೇ ಗೆರೆಗಳು ಬೇಕಾದಾಗ ಇದೇ ಗುಂಪಿನಿಂದ ಕಪ್ಪು (0), ನೀಲಿ `#0072B2` (87), ಕಿತ್ತಳೆ (162) ಎಂಬ ಮೂರನ್ನು ಆರಿಸಿಕೊಂಡರೆ ಎರಡೂ ಪರೀಕ್ಷೆಗಳನ್ನು ಗೆಲ್ಲಬಹುದು. ಗುಂಪಿನ ಹಳದಿ 213 ಆಗುವುದರಿಂದ ಬೂದುವಿನ ಲೆಕ್ಕದಲ್ಲಿ ನಾಲ್ಕನೆಯದಾಗಿ ಹೊಂದುತ್ತದೆಯಾದರೂ, ತೆಳುವಾದ ಗೆರೆಯಾಗಿ ಬಿಳಿ ಕಾಗದದ ಮೇಲೆ ಅದು ಉಳಿಯುವುದಿಲ್ಲ; ಅಗಲವಾದ ಜಾಗವನ್ನು ತುಂಬಲು ಒಪ್ಪುವ ಬಣ್ಣ ಗೆರೆಗೆ ಒಪ್ಪಬೇಕೆಂದಿಲ್ಲ. ಗೆರೆಗಳು ನಾಲ್ಕಕ್ಕೆ ಏರಿದಾಗ ಹೊಸ ಬಣ್ಣ ಹುಡುಕುವುದಕ್ಕಿಂತ ಒಂದನ್ನು ತುಂಡುಗೆರೆಯಾಗಿಸಿ, ಪ್ರತಿ ಗೆರೆಯ ಬಲತುದಿಯಲ್ಲೇ ಬೆಳೆಯ ಹೆಸರನ್ನು ಬರೆಯುವುದು ಫಲಕಾರಿ. ಹೆಸರು ಗೆರೆಯ ಪಕ್ಕದಲ್ಲೇ ಇದ್ದಾಗ ಬಣ್ಣಸೂಚಿಯೇ ಅನಗತ್ಯವಾಗುತ್ತದೆ, ಬಣ್ಣವನ್ನು ತಾಳೆ ನೋಡುವ ಕೆಲಸವೂ ಇಲ್ಲವಾಗುತ್ತದೆ.

ಹಂತಗಳಿಲ್ಲದೆ ನಿರಂತರವಾಗಿ ಏರುವ ಉಷ್ಣತೆ, ಎತ್ತರ, ಮಳೆಯ ಪ್ರಮಾಣಗಳನ್ನು ತೋರಿಸುವ ಚಿತ್ರಗಳಲ್ಲಿ ಬಹುಕಾಲ ಮೆರೆದದ್ದು ಕಾಮನಬಿಲ್ಲಿನ ಬಣ್ಣಗಳ ಸಾಲು. ‘ಜೆಟ್’ ಎಂಬ ಹೆಸರಿನ ಆ ಸಾಲು ಕಡುನೀಲಿಯಿಂದ ಆರಂಭವಾಗಿ ತಿಳಿನೀಲಿ ಮತ್ತು ಹಳದಿಗಳನ್ನು ದಾಟಿ ಕಡುಗೆಂಪಿಗೆ ಮುಗಿಯುವುದರಿಂದ, ಅದರ ಬೂದು 14ರಿಂದ ಹೊರಟು ನಡುವೆ 226ಕ್ಕೇರಿ ಮತ್ತೆ 38ಕ್ಕೆ ಇಳಿಯುತ್ತದೆ. ಪ್ರಿಂಟಿನಲ್ಲಿ ಅತಿ ಕಡಿಮೆಯೂ ಅತಿ ಹೆಚ್ಚೂ ಕರಿದಾಗಿ, ನಡುವಿನದೇ ಬೆಳ್ಳಗೆ ಹೊಳೆಯುತ್ತದೆ. ಇದಕ್ಕೆ ಬದಲಾಗಿ ಸ್ಟೆಫಾನ್ ವಾನ್ ಡರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ ರೂಪಿಸಿದ ‘ವಿರಿಡಿಸ್’ ಎಂಬ ಸಾಲು, ನೇರಳೆಯ 30ರಿಂದ ಹಳದಿಯ 215ರ ವರೆಗೆ ಎಲ್ಲಿಯೂ ಹಿಂದಿರುಗದೆ ಏರುತ್ತದೆ. ಚಿತ್ರ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶ 2017ರಲ್ಲಿ ಬಂದ ತನ್ನ 2.0 ಆವೃತ್ತಿಯಿಂದ ಇದನ್ನೇ ತನ್ನ ಮೂಲ ಆಯ್ಕೆಯಾಗಿ ಇಟ್ಟುಕೊಂಡಿದೆ.

ಪರಿಶೀಲನೆ ಮತ್ತು ಅದರ ಮಿತಿ

ವರ್ಣಾಂಧರ ಕಣ್ಣಿಗೆ ಚಿತ್ರ ಹೇಗೆ ಕಾಣಬಹುದೆಂಬುದನ್ನು ತೋರಿಸುವ ಉಚಿತ ಸಾಧನಗಳು ಹಲವಿವೆ. ಕಲರ್ ಒರಾಕಲ್ ಎಂಬ ತಂತ್ರಾಂಶ ಇಡೀ ಪರದೆಯನ್ನೇ ಆ ರೀತಿ ಬದಲಿಸಿ ತೋರಿಸುತ್ತದೆ. ನಕ್ಷೆ ಬರೆಯುವವರು ಬಳಸುವ ಕ್ಯೂಜಿಐಎಸ್ ತಂತ್ರಾಂಶದ `View` ಪಟ್ಟಿಯಲ್ಲಿರುವ `Preview Mode` ಮೂಲಕ ವರ್ಣಾಂಧತೆಯ ನೋಟವನ್ನೂ ಬೂದುಬಣ್ಣದ ನೋಟವನ್ನೂ ಕೆಲಸದ ನಡುವೆಯೇ ನೋಡಬಹುದು. ಇವು ಸಾಮಾನ್ಯವಾಗಿ ಒಂದು ಬಗೆಯ ಕೋಶ ಪೂರ್ತಿಯಾಗಿ ಇಲ್ಲದ ಸ್ಥಿತಿಯನ್ನು ಅನುಕರಿಸುತ್ತವೆ. ಬಹುಪಾಲು ವರ್ಣಾಂಧರದು ಅಷ್ಟು ತೀವ್ರವಾದ ಸ್ಥಿತಿಯಲ್ಲವಾದ್ದರಿಂದ, ಈ ನೋಟದಲ್ಲಿ ಓದಬಲ್ಲ ಚಿತ್ರ ಅವರಿಗೂ ಓದಬಲ್ಲದ್ದೆಂದು ಭಾವಿಸಬಹುದು. ಆದರೆ ಪರದೆಯ ಮೇಲೆ ದೊಡ್ಡದಾಗಿ ನೋಡಿದಾಗ ಬೇರೆಯಾಗಿ ಕಂಡ ಬಣ್ಣಗಳು, ಸಣ್ಣ ಚುಕ್ಕಿಗಳಾಗಿಯೂ ಕೂದಲೆಳೆಯ ಗೆರೆಗಳಾಗಿಯೂ ಇಳಿದಾಗ ಆ ಭೇದವನ್ನು ಕಳೆದುಕೊಳ್ಳುತ್ತವೆ; ಆದುದರಿಂದ ಪರಿಶೀಲನೆ ಅಚ್ಚಾಗುವ ಅಳತೆಯಲ್ಲಿಯೇ ನಡೆಯಬೇಕು.

ಬೂದುವಿನ ಲೆಕ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಂಕಿಗಳು ತಪ್ಪುಗಳನ್ನು ಮೊದಲೇ ಹಿಡಿದುಕೊಡುತ್ತವೆಯೇ ಹೊರತು ಕೊನೆಯ ತೀರ್ಪನ್ನು ಕೊಡುವುದಿಲ್ಲ. ನಕ್ಷೆಯನ್ನು ಸಾಮಾನ್ಯ ಕಾಗದದ ಮೇಲೆ ಸಾಮಾನ್ಯ ಪ್ರಿಂಟರಿನಲ್ಲಿ ಮುದ್ರಿಸಿ, ಆ ಪ್ರತಿಯ ಜೆರಾಕ್ಸ್ ತೆಗೆದು, ಅದನ್ನು ಈ ಮೊದಲು ನೋಡಿರದ ಒಬ್ಬರ ಕೈಗೆ ಕೊಟ್ಟು, ಯಾವ ಜಿಲ್ಲೆಗೆ ಅಪಾಯ ಹೆಚ್ಚು, ಯಾವುದಕ್ಕೆ ಇಲ್ಲ ಎಂದು ಕೇಳಬೇಕು. ಅವರು ಬಣ್ಣಸೂಚಿಯನ್ನು ಮತ್ತೆ ಮತ್ತೆ ನೋಡುತ್ತಿದ್ದರೆ ಹಂತಗಳ ಅಂತರ ಸಾಲದು. ಎರಡು ಜಿಲ್ಲೆಗಳನ್ನು ಒಂದೇ ಎಂದರೆ ಆ ಜೋಡಿಯ ತಿಳಿ-ಗಾಢತೆಯನ್ನು ತಿದ್ದಬೇಕು. ಎಲ್ಲಿಯೂ ತಡವರಿಸದೆ ಕ್ರಮವನ್ನು ಹೇಳಿದರೆ ಆ ನಕ್ಷೆ ಯಾವ ಕಚೇರಿಯ ಯಾವ ಯಂತ್ರದಲ್ಲಿ ಅಚ್ಚಾದರೂ ತನ್ನ ಎಚ್ಚರಿಕೆಯನ್ನು ಓದುಗರಿಗೆ ಮುಟ್ಟಿಸಬಲ್ಲದು.